ಗೋಡೆಯ ಬಿಸಿಗೆ ಎರಡು ಮಾಸ್ ಮ್ಯಾಟ್ರಿಕ್ಸ್: ಕನ್ಸಿಸ್ಟೆಂಟ್ ಮತ್ತು ಲಂಪ್ಡ್

ಉಡುಪಿಯ ನಮ್ಮ ಮನೆಯ ಪಡುವಣ ಗೋಡೆ ಮುರಕಲ್ಲಿನದು. ಮಧ್ಯಾಹ್ನದ ಬಿಸಿಲು ಅದರೊಳಗೆ ಹೇಗೆ ಇಳಿಯುತ್ತದೆ ಎಂಬುದನ್ನು ಲೆಕ್ಕ ಹಾಕುವ ನೆಪದಲ್ಲಿ ಫೈನೈಟ್ ಎಲಿಮೆಂಟ್ ವಿಧಾನದ ಎರಡು ಬಗೆಯ ಮಾಸ್ ಮ್ಯಾಟ್ರಿಕ್ಸನ್ನೂ ಒಂದೇ ಸಮಸ್ಯೆಯ ಮೇಲೆ ಪರೀಕ್ಷಿಸಿದೆ. 20 ಸೆಂ.ಮೀ. ದಪ್ಪದ ಗೋಡೆಗೆ h = 2 ಸೆಂ.ಮೀ. ಉದ್ದದ ಹತ್ತು ಸರಳರೇಖೀಯ ಎಲಿಮೆಂಟುಗಳನ್ನು ಇಟ್ಟು, ಉಷ್ಣ ವಿಸರಣಾಂಕ α = 5×10⁻⁷ ಮೀ²/ಸೆ ಎಂದು ಊಹಿಸಿಕೊಂಡೆ. ಎಲ್ಲ ನೋಡುಗಳೂ ಮೊದಲು 28 ಡಿಗ್ರಿಯಲ್ಲಿದ್ದು, ಹೊರಗಿನ ನೋಡ್ ಮೊದಲ ಹೆಜ್ಜೆಯಲ್ಲೇ 48ಕ್ಕೆ ಏರುತ್ತದೆ. Δt ಉದ್ದದ ಕಾಲದ ಹೆಜ್ಜೆಗಳಿಗೆ ಬ್ಯಾಕ್‌ವರ್ಡ್ ಆಯ್ಲರ್ ವಿಧಾನ.

ಜೋಡಣೆ ಎರಡರಲ್ಲೂ ಒಂದೇ ರೀತಿಯದು: ಒಂದೊಂದು ಎಲಿಮೆಂಟಿನ 2×2 ಮ್ಯಾಟ್ರಿಕ್ಸನ್ನು ಅದರ ಎರಡು ನೋಡುಗಳ ಸ್ಥಾನಗಳಿಗೆ ಕೂಡಿಸುತ್ತ ಹೋಗುವುದು.

```
ke = (α/h)  [ 1 -1; -1 1 ]
mc = (h/6)  [ 2  1;  1 2 ]
ml = (h/2)  [ 1  0;  0 1 ]
```

`ke` ಶಾಖವಾಹಕತೆಯದು, `mc` ಕನ್ಸಿಸ್ಟೆಂಟ್; ಲಂಪ್ಡ್ ಆದ `ml` ಎಂಬುದು `mc`ಯ ಪ್ರತಿ ಸಾಲನ್ನೂ ಕೂಡಿಸಿ ಕರ್ಣದ ಮೇಲೆ ಇಟ್ಟದ್ದು. ಲೂಪ್ ತಪ್ಪಿಸುವ ಆಸೆಯಿಂದ, ಎಲಿಮೆಂಟುಗಳ ನೋಡ್ ಸಂಖ್ಯೆಗಳ ಪಟ್ಟಿ `conn` ಬಳಸಿ, `ML[conn] += h/2` ಎಂದು ಬರೆದು ನಾನು ಮೋಸ ಹೋದೆ: ನಂಪೈಯಲ್ಲಿ ಎರಡು ಸಲ ಬರುವ ನೋಡಿಗೂ ಅದು ಒಂದೇ ಸಲ ಕೂಡುತ್ತದೆ. ಒಟ್ಟು ಮೊತ್ತ 0.20 ಬರಬೇಕಾದಲ್ಲಿ 0.11 ಬಂದದ್ದರಿಂದ ತಪ್ಪು ಸಿಕ್ಕಿತು. `np.add.at(ML, conn, h/2)` ಎಂದು ಬದಲಿಸಿದ ಮೇಲೆ ಸರಿಯಾಯಿತು.

60 ಸೆಕೆಂಡಿನ ಹೆಜ್ಜೆಯಲ್ಲಿ ಕನ್ಸಿಸ್ಟೆಂಟ್ ಮ್ಯಾಟ್ರಿಕ್ಸ್ ಹೊರಮೈಯ ಪಕ್ಕದ ನೋಡಿಗೆ 25.7 ಡಿಗ್ರಿ ಕೊಟ್ಟಿತು. ಬಿಸಿಲು ಬಿದ್ದ ಗೋಡೆ ಒಳಗೆ ತಣ್ಣಗಾಯಿತಂತೆ! ಹೆಜ್ಜೆ ಚಿಕ್ಕದು ಮಾಡಿದರೆ ಸರಿಹೋದೀತೆಂದು 10 ಸೆಕೆಂಡಿಗೆ ಇಳಿಸಿದರೆ ಅದು 23.3ಕ್ಕೆ ಕುಸಿಯಿತು. ಲಂಪ್ಡ್ ಮ್ಯಾಟ್ರಿಕ್ಸ್ 60 ಸೆಕೆಂಡಿನಲ್ಲಿ 29.3 ಕೊಟ್ಟಿತು, ಎಂದರೆ ಕನಿಷ್ಠ ದಿಕ್ಕಾದರೂ ಸರಿಯಿದೆ.

ಕಾರಣ ಕರ್ಣದ ಆಚೀಚಿನ ಪದಗಳಲ್ಲಿದೆ. ಪಕ್ಕದ ನೋಡ್ ಬಿಸಿಯಾದಾಗ ಶಾಖವಾಹಕತೆಯ −α/h ಈ ನೋಡನ್ನು ಮೇಲಕ್ಕೆ ಎಳೆಯುತ್ತದೆ, ಆದರೆ ಕನ್ಸಿಸ್ಟೆಂಟ್ ಮ್ಯಾಟ್ರಿಕ್ಸಿನ +h/(6Δt) ಕೆಳಕ್ಕೆ ತಳ್ಳುತ್ತದೆ. Δt ಎಂಬುದು h²/(6α)ಕ್ಕಿಂತ, ಇಲ್ಲಿ ಸುಮಾರು 133 ಸೆಕೆಂಡಿಗಿಂತ, ಕಡಿಮೆಯಾದರೆ ತಳ್ಳುವುದೇ ಗೆಲ್ಲುತ್ತದೆ. 150 ಸೆಕೆಂಡಿನಲ್ಲಿ ತಗ್ಗು ಮಾಯವಾಯಿತು. ಎಲಿಮೆಂಟಿನ ಉದ್ದವನ್ನು ಅರ್ಧಕ್ಕಿಳಿಸಿದರೆ ಮಿತಿ 33 ಸೆಕೆಂಡಿಗೆ ಇಳಿಯುವುದರಿಂದ 60ರ ಹೆಜ್ಜೆಯೂ ನಡೆಯುತ್ತದೆ. ಲಂಪ್ಡ್‌ಗೆ ಇಂಥ ಕೆಳಮಿತಿಯೇ ಇಲ್ಲ.

ಫಾರ್ವರ್ಡ್ ಆಯ್ಲರ್‌ನಲ್ಲಂತೂ ಸ್ಪರ್ಧೆಯೇ ಇಲ್ಲ. ಲಂಪ್ಡ್‌ನಲ್ಲಿ ಸಮೀಕರಣ ಬಿಡಿಸದೆ ಬರಿ ಭಾಗಾಕಾರದಿಂದ ಮುಂದಿನ ಹೆಜ್ಜೆ ಸಿಗುತ್ತದೆ, ಮತ್ತು h²/(2α), ಅಂದರೆ 400 ಸೆಕೆಂಡಿನವರೆಗೆ ಸ್ಥಿರವಾಗಿರುತ್ತದೆ. ಕನ್ಸಿಸ್ಟೆಂಟ್‌ನಲ್ಲಿ ಪ್ರತಿ ಹೆಜ್ಜೆಗೂ ಸಮೀಕರಣ ಬಿಡಿಸಿಯೂ ಮಿತಿ 133 ಸೆಕೆಂಡು ಮಾತ್ರ.

ಹಾಗೆಂದು ಲಂಪ್ಡನ್ನು ಕಣ್ಣುಮುಚ್ಚಿ ಎಲ್ಲೆಡೆ ಹಾಕುವಂತಿಲ್ಲ. ಆರು ನೋಡುಗಳ ತ್ರಿಕೋನ ಎಲಿಮೆಂಟಿನಲ್ಲಿ ಇದೇ ರೀತಿ ಸಾಲು ಕೂಡಿಸಿದರೆ ಮೂಲೆಯ ಮೂರೂ ನೋಡುಗಳ ಪಾಲು ಸೊನ್ನೆಯಾಗುತ್ತದೆ, ಭಾಗಾಕಾರ ಅಲ್ಲಿಗೇ ಮುರಿಯುತ್ತದೆ. ಅಲ್ಲಿ ನಾನು ಕನ್ಸಿಸ್ಟೆಂಟ್ ಮ್ಯಾಟ್ರಿಕ್ಸಿನ ಕರ್ಣವನ್ನಷ್ಟೇ ತೆಗೆದುಕೊಂಡು, ಎಲಿಮೆಂಟಿನ ಒಟ್ಟು ಮೊತ್ತ ಸರಿಹೊಂದುವಂತೆ ಅದನ್ನು ಹಿಗ್ಗಿಸಿ ಬಳಸುತ್ತೇನೆ.