ರಬ್ಬರು, ಆಲ್ಕೋಹಾಲ್, ರೀಸೆಟ್: ಬಲಗಿವಿಯ ಇಯರ್‌ಬಡ್ಡಿಗೆ ಮಾಡಿ ನೋಡಿದ ಮೂರು ಉಪಾಯ

ಮಲ್ಪೆಯ ಕಡಲ ದಂಡೆಯಲ್ಲಿ ಸಂಜೆ ನಡೆಯುವಾಗ ಹಾಡು ಕೇಳುವುದು ನನ್ನ ಅಭ್ಯಾಸ. ಕಳೆದ ಮಳೆಗಾಲದ ಕೊನೆಯಲ್ಲಿ ಬಲಗಿವಿಯ ಇಯರ್‌ಬಡ್ ಎಡಗಿವಿಯದಕ್ಕಿಂತ ಬಹಳ ಮೊದಲೇ ಆಫ್ ಆಗತೊಡಗಿತು. ಅದರ ಬ್ಯಾಟರಿಯೇ ಹೋಗಿದೆ ಎಂದು ಹೊಸದನ್ನು ಕೊಳ್ಳುವ ಮೊದಲು ಒಂದು ಲೆಕ್ಕ ನೋಡಿದೆ. ಕೇಸಿನಿಂದ ತೆಗೆದಾಗ ಫೋನಿನಲ್ಲಿ ಎಡಕ್ಕೆ ಶೇ. 100, ಬಲಕ್ಕೆ ಶೇ. 55 ಎಂದಿತ್ತು. ಕರೆ ಮಾಡಿದರೆ ಮೈಕ್ ಬಳಸುವ ಬಡ್ಡು ಹೆಚ್ಚು ಚಾರ್ಜು ತಿನ್ನಬಹುದಾದ್ದರಿಂದ ಒಂದು ಗಂಟೆ ಬರೀ ಹಾಡು ಕೇಳಿದೆ. ಆಗ ಎಡದ್ದು 82ಕ್ಕೂ ಬಲದ್ದು 37ಕ್ಕೂ ಇಳಿದಿತ್ತು. ಎರಡೂ ಇಳಿದದ್ದು 18ರಷ್ಟೇ. ಅಂದರೆ ಬಲದ್ದು ಬೇಗ ಖಾಲಿಯಾಗುತ್ತಿರಲಿಲ್ಲ, ಕೇಸಿನಲ್ಲಿ ತುಂಬುತ್ತಲೇ ಇರಲಿಲ್ಲ. ಕೇಸಿನಲ್ಲಿಟ್ಟ ಮೇಲೂ ಅದು ಫೋನಿನೊಂದಿಗೆ ಸಂಪರ್ಕದಲ್ಲೇ ಉಳಿಯುತ್ತಿದ್ದುದು, ಬೆರಳಿನಿಂದ ಒತ್ತಿ ಹಿಡಿದಾಗ ಮಾತ್ರ ಸಂಪರ್ಕ ಕಡಿದು ದೀಪ ಹೊತ್ತುತ್ತಿದ್ದುದು ಈ ಅನುಮಾನವನ್ನು ಗಟ್ಟಿಮಾಡಿತು.

ಮೊದಲು ರೀಸೆಟ್ ಮಾಡಿದೆ, ಅದರಿಂದ ಏನೂ ಬದಲಾಗಲಿಲ್ಲ. ಲೋಹಕ್ಕೆ ಲೋಹ ತಾಗದಿರುವಾಗ ಸಾಫ್ಟ್‌ವೇರ್ ಏನು ಮಾಡೀತು? ಫೋನಿಗೆ ಮತ್ತೆ ಜೋಡಿಸುವ ಕೆಲಸವಷ್ಟೇ ಹೆಚ್ಚಾಯಿತು.

ಎರಡನೆಯದಾಗಿ ಪೆನ್ಸಿಲ್ ಅಳಿಸುವ ರಬ್ಬರಿನಿಂದ ಬಡ್ಡಿನ ಬುಡದ ಎರಡು ಲೋಹದ ಚುಕ್ಕಿಗಳನ್ನು ಉಜ್ಜಿದೆ. ಬೆವರು ಮತ್ತು ಉಪ್ಪುಗಾಳಿಯಿಂದ ಅಂಟಿದ್ದ ಮಸುಕು ಪೊರೆ ಹೋಗಿ ಅವು ಹೊಳೆದವು, ಚಾರ್ಜೂ ಆಯಿತು. ಆದರೆ ನಾಲ್ಕೇ ದಿನಕ್ಕೆ ತೊಂದರೆ ಮರುಕಳಿಸಿತು. ಕೊಳೆ ಇದ್ದದ್ದು ಬಡ್ಡಿನಲ್ಲಿ ಮಾತ್ರವಲ್ಲ, ಕೇಸಿನ ಗುಳಿಯ ತಳದಲ್ಲಿರುವ ಸ್ಪ್ರಿಂಗ್ ಪಿನ್ನುಗಳಲ್ಲೂ ಇತ್ತು. ರಬ್ಬರು ಅಲ್ಲಿಗೆ ಇಳಿಯುವುದಿಲ್ಲ. ಅಲ್ಲದೆ ಆ ಚುಕ್ಕಿಗಳ ಮೇಲಿನ ಲೇಪ ಬಹಳ ತೆಳು. ಪದೇಪದೇ ಉಜ್ಜಿದರೆ ಅದು ಸವೆದು, ಕೆಳಗಿನ ಲೋಹ ಇನ್ನೂ ಬೇಗ ಕಿಲುಬು ಹಿಡಿಯುತ್ತದೆ. ಆದ್ದರಿಂದ ಈ ಉಪಾಯವನ್ನು ನಾನು ಕೈಬಿಟ್ಟಿದ್ದೇನೆ.

ನಿಜವಾಗಿ ಫಲ ಕೊಟ್ಟದ್ದು ಐಸೊಪ್ರೊಪೈಲ್ ಆಲ್ಕೋಹಾಲ್. ಹತ್ತಿಕಡ್ಡಿಯ ತುದಿಯನ್ನು ಅದರಲ್ಲಿ ತೊಟ್ಟಿಕ್ಕದಷ್ಟು ಮಾತ್ರ ತೇವ ಮಾಡಿ ಚುಕ್ಕಿಗಳನ್ನೂ ಪಿನ್ನುಗಳನ್ನೂ ಒರೆಸಿದೆ. ಹತ್ತಿಗೆ ನಸುಹಸಿರು ಬಣ್ಣ ಅಂಟಿಕೊಂಡು ಬಂತು. ಬಳಿಕ ಹಲ್ಲುಕಡ್ಡಿಯ ಮೊಂಡು ತುದಿಯಿಂದ ಪಿನ್ನುಗಳನ್ನು ಒಂದೊಂದಾಗಿ ಮೆಲ್ಲನೆ ಒತ್ತಿದಾಗ ಬಲಬದಿಯ ಒಂದು ಪಿನ್ನು ಕೆಳಗೇ ಸಿಕ್ಕಿಕೊಂಡಿತು. ಒಂದು ಹನಿ ಆಲ್ಕೋಹಾಲ್ ತಾಗಿಸಿ ಏಳೆಂಟು ಬಾರಿ ಒತ್ತಿ ಬಿಟ್ಟ ಮೇಲೆ ಅದು ತಾನಾಗಿ ಪುಟಿದೇಳತೊಡಗಿತು. ಮುಚ್ಚಳ ತೆರೆದಿಟ್ಟು ಅರ್ಧ ಗಂಟೆ ಒಣಗಿಸಿದೆ. ಎರಡು ತಿಂಗಳಾಯಿತು, ಎರಡೂ ಬದಿ ಪ್ರತಿದಿನ ಪೂರ್ತಿ ತುಂಬುತ್ತಿವೆ. ನಡಿಗೆ ಮುಗಿದ ಮೇಲೆ ಬೆವರು ಒರೆಸಿಯೇ ಒಳಗಿಡುತ್ತೇನೆ.

ಇದೇ ಉಪಾಯವನ್ನು ತಮ್ಮನ ಮೂರು ವರ್ಷ ಹಳೆಯ ಜೋಡಿಗೂ ಮಾಡಿದೆ, ಆದರೆ ಅಲ್ಲಿ ನಡೆಯಲಿಲ್ಲ. ಅವನದರಲ್ಲಿ ಎರಡೂ 100ರಿಂದಲೇ ಹೊರಟು, ಒಂದು ಗಂಟೆಯಲ್ಲಿ ಎಡದ್ದು 80ಕ್ಕೂ ಬಲದ್ದು 50ಕ್ಕೂ ಇಳಿದಿದ್ದವು. ಅದು ಬ್ಯಾಟರಿಯೇ ಮುಪ್ಪಾದ ಲಕ್ಷಣ, ಒರೆಸಿ ಸರಿಪಡಿಸುವಂಥದ್ದಲ್ಲ. ಅಂಟು ಹಾಕಿ ಮುಚ್ಚಿದ ಬಡ್ಡನ್ನು ಬಿಚ್ಚಿದರೆ ಮತ್ತೆ ಸರಿಯಾಗಿ ಕೂರುವುದು ಕಷ್ಟ ಎಂದು ಹಂಪನಕಟ್ಟೆಯ ರಿಪೇರಿಯವರು ಹೇಳಿದ್ದರಿಂದ, ಅವನು ಬಲಗಿವಿಯದನ್ನು ಮಾತ್ರ ಬಿಡಿಯಾಗಿ ತರಿಸಿಕೊಂಡ.