ಕೆಲಸದಲ್ಲಿದ್ದುಕೊಂಡೇ ಕೆಲಸ ಹುಡುಕುವವರಿಗೆ ಲಿಂಕ್ಡ್‌ಇನ್ ಮೇಲೋ, ಇಂಡೀಡ್ ಮೇಲೋ?

ಕೆಲಸ ಬಿಟ್ಟು ಮನೆಯಲ್ಲಿರುವವರಿಗೆ ಈ ಪ್ರಶ್ನೆಯೇ ಏಳುವುದಿಲ್ಲ. ಎರಡರಲ್ಲೂ ಎಲ್ಲ ಬಾಗಿಲುಗಳನ್ನು ತೆರೆದಿಟ್ಟರೆ ಆಯಿತು. ತೊಡಕಿರುವುದು ಈಗಿನ ಕಂಪನಿಗೆ ಸುಳಿವು ಸಿಗದಂತೆ ಹೊಸ ಕೆಲಸ ಹುಡುಕುವವರಿಗೆ. ಲೆಕ್ಕಪತ್ರ ವಿಭಾಗದಲ್ಲಿ ಕೆಲಸ ಮಾಡುತ್ತಲೇ ನಾನು ಲಿಂಕ್ಡ್‌ಇನ್‌ನಲ್ಲಿ ಪ್ರೊಫೈಲ್ ಕಟ್ಟಿ, ಇಂಡೀಡ್‌ಗೆ ರೆಸ್ಯೂಮೆ ಏರಿಸಿ, ಎರಡನ್ನೂ ಒಟ್ಟಿಗೆ ನಡೆಸಿ ನೋಡಿದೆ. ನನ್ನನ್ನು ಯಾರು ನೋಡಬಹುದು ಎಂಬುದನ್ನು ಇವೆರಡೂ ತೀರ್ಮಾನಿಸುವ ರೀತಿಯೇ ಬೇರೆ. ಆಯ್ಕೆ ಮಾಡಬೇಕಾದದ್ದು ಅದನ್ನು ನೋಡಿಕೊಂಡೇ.

ಲಿಂಕ್ಡ್‌ಇನ್ ಹುಟ್ಟಿರುವುದೇ ಕಾಣಿಸಿಕೊಳ್ಳುವುದಕ್ಕೆ. ಅಲ್ಲಿ ಪ್ರೊಫೈಲ್ ಇರುವುದು ಯಾರಿಗೂ ಅನುಮಾನ ತರುವುದಿಲ್ಲ, ಪಕ್ಕದ ಮೇಜಿನವರಿಗೂ ಒಂದು ಇರುತ್ತದೆ. ಗುಟ್ಟಾಗಿ ಇಡಬೇಕಾದದ್ದು ಪ್ರೊಫೈಲನ್ನಲ್ಲ, ಕೆಲಸ ಹುಡುಕುತ್ತಿದ್ದೇವೆ ಎಂಬ ಸಂಗತಿಯನ್ನು. Open to work ಎಂಬ ಆಯ್ಕೆಯನ್ನು ತೆರೆದರೆ ಬೇಕಾದ ಹುದ್ದೆ, ಸ್ಥಳ, ಕೆಲಸದ ಬಗೆಯನ್ನು ಕೇಳಿ, ಕೊನೆಯಲ್ಲಿ ಯಾರಿಗೆ ಕಾಣಬೇಕು ಎಂದು ಕೇಳುತ್ತದೆ. All LinkedIn members ಎಂದು ಒತ್ತಿದರೆ ಭಾವಚಿತ್ರದ ಸುತ್ತ ಹಸಿರು ಪಟ್ಟಿ ಬರುತ್ತದೆ. ಕಚೇರಿಯ ನಡುವೆ ನಿಂತು ಡಂಗುರ ಸಾರಿದಂತೆ. Recruiters only ಎಂದು ಒತ್ತಿದರೆ ಪಟ್ಟಿ ಬರುವುದಿಲ್ಲ. ನೇಮಕಾತಿಗೆಂದೇ ಇರುವ ಲಿಂಕ್ಡ್‌ಇನ್ ರಿಕ್ರೂಟರ್ ಸೇವೆಯನ್ನು ಬಳಸುವವರಿಗೆ ಮಾತ್ರ ಈ ಸಂಕೇತ ಕಾಣುತ್ತದೆ. ನಮ್ಮದೇ ಕಂಪನಿಯ ನೇಮಕಾತಿಯವರಿಗೆ ಅದು ಕಾಣದಂತೆ ನೋಡಿಕೊಳ್ಳುವ ವ್ಯವಸ್ಥೆ ಇದೆ, ಆದರೆ ಪೂರ್ಣ ಖಾತರಿ ಇಲ್ಲವೆಂದು ಲಿಂಕ್ಡ್‌ಇನ್ ತಾನೇ ಹೇಳುತ್ತದೆ.

ಈ ರಕ್ಷಣೆ ಎಲ್ಲಿ ಸೋರಬಹುದು ಎಂದು ಊಹಿಸುವುದು ಕಷ್ಟವಲ್ಲ. ನಾವು ಈಗ ಯಾವ ಕಂಪನಿಯಲ್ಲಿದ್ದೇವೆ ಎಂಬುದು ಅದಕ್ಕೆ ಸರಿಯಾಗಿ ಗೊತ್ತಿರಬೇಕು. ಅನುಭವದ ಭಾಗದಲ್ಲಿ ಕಂಪನಿಯ ಹೆಸರನ್ನು ಸುಮ್ಮನೆ ಟೈಪ್ ಮಾಡಿ ಬಿಡದೆ, ಕೆಳಗೆ ಇಳಿಯುವ ಪಟ್ಟಿಯಿಂದ ಆರಿಸಿಕೊಳ್ಳಬೇಕು. ಉಳಿಸಿದ ಮೇಲೆ ಹುದ್ದೆಯ ಪಕ್ಕದಲ್ಲಿ ಕಂಪನಿಯ ಲಾಂಛನ ಕಂಡರೆ ಅದರ ಪುಟಕ್ಕೆ ಕೊಂಡಿ ಕೂಡಿದೆ ಎಂದರ್ಥ. ಬೂದುಬಣ್ಣದ ಖಾಲಿ ಚೌಕವಿದ್ದರೆ ಸಾಮಾನ್ಯವಾಗಿ ಕೂಡಿಲ್ಲ. ಇನ್ನೊಂದು ರಂಧ್ರವನ್ನು ಯಾವ ಸೆಟ್ಟಿಂಗೂ ಮುಚ್ಚಲಾರದು. ನಮ್ಮ ಕಂಪನಿಗೆ ಜನರನ್ನು ಹುಡುಕಿಕೊಡುವ ಹೊರಗಿನ ಏಜೆನ್ಸಿಯವರು ಲಿಂಕ್ಡ್‌ಇನ್ ಲೆಕ್ಕದಲ್ಲಿ ಬೇರೆ ಸಂಸ್ಥೆಯವರು. ಅವರಿಗೆ ನಾವು ಕಾಣುತ್ತೇವೆ.

ಪ್ರೊಫೈಲ್ ತಿದ್ದುವಾಗಲೂ ಎಚ್ಚರ ಬೇಕು. ಹುದ್ದೆಯ ವಿವರವನ್ನು ಬದಲಾಯಿಸುವ ಕಿಟಕಿಯಲ್ಲಿ Notify network ಎಂಬ ಗುಂಡಿ ಇರುತ್ತದೆ, ಅದು ಆರಿರಲಿ. ರೆಸ್ಯೂಮೆಯ ಕಡತವನ್ನು Featured ಭಾಗದಲ್ಲಿ ಅಂಟಿಸುವ ಅಭ್ಯಾಸ ಹಲವರಿಗಿದೆ. ನನಗಂತೂ ಅದು ಹಿಡಿಸುವುದಿಲ್ಲ. ಅಲ್ಲಿಟ್ಟದ್ದು ಪ್ರೊಫೈಲ್ ನೋಡಲು ಬಂದವರ ಕೈಗೆ ಸಿಗುತ್ತದೆ, ಅದರ ಜೊತೆಗೆ ದೂರವಾಣಿ ಸಂಖ್ಯೆ, ಮನೆ ವಿಳಾಸವೂ ಹೋಗುತ್ತದೆ. ಅರ್ಜಿ ಹಾಕುವಾಗ ಕಡತವನ್ನು ಸೇರಿಸಿದರೆ ಸಾಕು, ಅದು ಅರ್ಜಿ ಪಡೆದವರಿಗೆ ಹೋಗುತ್ತದೆ. ಎಲ್ಲ ಮುಗಿದ ಮೇಲೆ ಬ್ರೌಸರಿನ ಖಾಸಗಿ ಕಿಟಕಿಯಲ್ಲಿ, ಲಾಗಿನ್ ಆಗದೆ, ನಿಮ್ಮ ಪ್ರೊಫೈಲಿನ ವಿಳಾಸವನ್ನು ತೆರೆದು ನೋಡಿ. ಅಪರಿಚಿತರಿಗೆ ಏನು ಕಾಣುತ್ತದೆ ಎಂಬುದಕ್ಕೆ ಅದಕ್ಕಿಂತ ನೇರವಾದ ಪರೀಕ್ಷೆ ಇಲ್ಲ.

ಇಂಡೀಡ್‌ನಲ್ಲಿ ಇಷ್ಟೆಲ್ಲ ನಾಜೂಕು ಇಲ್ಲ. ಅಲ್ಲಿ ರೆಸ್ಯೂಮೆಗೆ ಇರುವುದು ಒಂದೇ ಕೀಲಿ: ಉದ್ಯೋಗದಾತರು ಹುಡುಕಿದಾಗ ಸಿಗಬೇಕೇ, ಬೇಡವೇ. ಬೇಡ ಎಂದರೆ ನಾವು ಅರ್ಜಿ ಹಾಕಿದವರಿಗೆ ಮಾತ್ರ ಅದು ತಲುಪುತ್ತದೆ. ಬೇಕು ಎಂದರೆ ರೆಸ್ಯೂಮೆ ಹುಡುಕುವ ಸೌಲಭ್ಯವಿರುವ ಯಾವ ಉದ್ಯೋಗದಾತರಿಗಾದರೂ ಸಿಗಬಹುದು, ನಮ್ಮದೇ ಕಚೇರಿಯ ಮಾನವ ಸಂಪನ್ಮೂಲ ವಿಭಾಗಕ್ಕೂ. ನೌಕ್ರಿಯಂಥ ಕೆಲವು ಪೋರ್ಟಲ್‌ಗಳಲ್ಲಿ ಆಯ್ದ ಕಂಪನಿಗಳನ್ನು ತಡೆಯುವ ಪಟ್ಟಿ ಇರುತ್ತದೆ. ಅದನ್ನು ಬಳಸುವುದಾದರೆ ಕಂಪನಿಯ ಒಂದು ಹೆಸರನ್ನು ಹಾಕಿ ಸುಮ್ಮನಾಗಬಾರದು. ಸಮೂಹದ ಇತರ ಹೆಸರುಗಳನ್ನೂ ಅಂಗಸಂಸ್ಥೆಗಳನ್ನೂ ಹುಡುಕಿ ಸೇರಿಸಬೇಕು. ನಾನು ಇಂಡೀಡ್‌ನ ಕೀಲಿಯನ್ನು ಮುಚ್ಚಿಯೇ ಇಟ್ಟೆ. ಒರಟು ಕೀಲಿಯಾದರೂ ಮುಚ್ಚಿದಾಗ ಏನಾಗುತ್ತದೆ ಎಂಬುದರಲ್ಲಿ ಗೊಂದಲವಿಲ್ಲ, ಆ ಗುಣ ನನಗೆ ಇಷ್ಟವಾಯಿತು.

ರೆಸ್ಯೂಮೆ ಏರಿಸುವ ಕೆಲಸದಲ್ಲಿ ಮಾತ್ರ ತಾಳ್ಮೆ ಬೇಕು. ಪೋರ್ಟಲ್‌ಗಳು ಕಡತವನ್ನು ಓದಿ ಹೆಸರು, ಹುದ್ದೆ, ವರ್ಷಗಳನ್ನು ತಾವೇ ಕೋಷ್ಟಕಗಳಿಗೆ ತುಂಬುತ್ತವೆ. ಎರಡು ಕಂಬಸಾಲಿನ ಚಂದದ ವಿನ್ಯಾಸವನ್ನು ಕೊಟ್ಟು ನೋಡಿದಾಗ, ಎಡಗಡೆಯಿದ್ದ ‘ಟ್ಯಾಲಿ, ಎಕ್ಸೆಲ್’ ಎಂಬ ಕೌಶಲಗಳು ಬಲಗಡೆಯ ಹುದ್ದೆಯ ಹೆಸರಿಗೆ ಅಂಟಿಕೊಂಡು ‘ಎಕ್ಸೆಲ್ ಹಿರಿಯ ಅಕೌಂಟೆಂಟ್’ ಎಂಬ ಹೊಸ ಹುದ್ದೆಯೊಂದು ಸೃಷ್ಟಿಯಾಯಿತು. ಪುಟದ ತಲೆಪಟ್ಟಿಯಲ್ಲಿದ್ದ ದೂರವಾಣಿ ಸಂಖ್ಯೆ ಮಾಯವಾಗಿತ್ತು. ಏರಿಸುವ ಮೊದಲೇ ಇದನ್ನು ಪತ್ತೆಹಚ್ಚಬಹುದು. ಪಿಡಿಎಫ್‌ನಲ್ಲಿರುವ ಅಕ್ಷರಗಳನ್ನೆಲ್ಲ ನಕಲಿಸಿ ನೋಟ್‌ಪ್ಯಾಡಿಗೆ ಅಂಟಿಸಿ ಓದಿ. ಅಲ್ಲಿ ಸಾಲುಗಳು ಕಲಸಿಹೋಗಿದ್ದರೆ ಪೋರ್ಟಲ್‌ನಲ್ಲೂ ಕಲಸಿಹೋಗುವ ಸಾಧ್ಯತೆ ಹೆಚ್ಚು. ಏನೂ ಅಂಟದಿದ್ದರೆ ನಿಮ್ಮ ಪಿಡಿಎಫ್ ಬರೀ ಚಿತ್ರ. ಒಂದೇ ಕಂಬಸಾಲು, ಮೈಬರಹದಲ್ಲೇ ಹೆಸರು ಮತ್ತು ಸಂಪರ್ಕ, ಸಾಮಾನ್ಯ ಶೀರ್ಷಿಕೆಗಳು, ಇಷ್ಟಿದ್ದರೆ ತಿದ್ದುವ ಕೆಲಸ ಬಹುಮಟ್ಟಿಗೆ ತಪ್ಪುತ್ತದೆ. ಲಿಂಕ್ಡ್‌ಇನ್‌ನಲ್ಲಿ ವಿವರಗಳನ್ನು ನಾವೇ ಒಂದೊಂದಾಗಿ ತುಂಬಿದ್ದರಿಂದ ಈ ಫಜೀತಿ ಎದುರಾಗಲಿಲ್ಲ. ಆದರೆ ಎರಡು ಕಡೆಯ ತಿಂಗಳು, ವರ್ಷಗಳು ಹೊಂದಬೇಕು. ಇಲ್ಲವಾದರೆ ಸಂದರ್ಶನದಲ್ಲಿ ಮೊದಲ ಪ್ರಶ್ನೆ ಅದರ ಬಗ್ಗೆಯೇ ಬರುತ್ತದೆ.

ಉದ್ಯೋಗ ಸೂಚನೆಗಳ ವಿಷಯದಲ್ಲಿ ನನ್ನ ಮತ ಇಂಡೀಡ್ ಕಡೆಗೆ. ‘ಅಕೌಂಟೆಂಟ್’ ಎಂದಷ್ಟೇ ಹುಡುಕಿ ಸೂಚನೆ ಇಟ್ಟರೆ, ಜಾಹೀರಾತಿನ ಒಳಗೆಲ್ಲೋ ಆ ಪದ ಬಂದಿರುವ ಮಾರಾಟದ ಹುದ್ದೆಗಳೂ ತರಬೇತಿ ಹುದ್ದೆಗಳೂ ಅಂಚೆಪೆಟ್ಟಿಗೆಗೆ ಬಂದು ಬೀಳುತ್ತವೆ. ಹುಡುಕುವ ಜಾಗದಲ್ಲಿ ಹೀಗೆ ಬರೆದಾಗ ಜೊಳ್ಳು ಸಾಕಷ್ಟು ಹಾರಿಹೋಯಿತು:

```
title:accountant -intern -sales
```

ಪದವು ಹುದ್ದೆಯ ಹೆಸರಿನಲ್ಲೇ ಇರಬೇಕು, ಕಳೆಯುವ ಚಿಹ್ನೆಯ ಮುಂದಿರುವ ಪದಗಳು ಬರಬಾರದು ಎಂದು ಇದರ ಅರ್ಥ. ಮೊದಲು ಫಲಿತಾಂಶದ ಒಂದೆರಡು ಪುಟಗಳನ್ನು ಓದಿ, ಬೇಡದ ಪದಗಳನ್ನು ಕಳೆದು, ಆಮೇಲೆ ಸೂಚನೆಯನ್ನು ಉಳಿಸುವುದು ಸರಿಯಾದ ಕ್ರಮ. ತೀರ ಬಿಗಿ ಮಾಡಿದರೆ ಸೂಚನೆಯೇ ಬರುವುದಿಲ್ಲ. ಕೆಲವು ದಿನ ಸದ್ದೇ ಇಲ್ಲದಿದ್ದರೆ ಒಂದು ಪದವನ್ನು ಸಡಿಲಿಸಿ ನೋಡಬೇಕು. ಲಿಂಕ್ಡ್‌ಇನ್‌ನಲ್ಲಿ ಸೂಚನೆ ದಿನಕ್ಕೊಮ್ಮೆ ಬೇಕೋ ವಾರಕ್ಕೊಮ್ಮೆ ಬೇಕೋ, ಇಮೇಲ್‌ಗೋ ಮೊಬೈಲ್‌ಗೋ ಎಂದು ಆರಿಸಬಹುದು. ದಿನಕ್ಕೊಮ್ಮೆ ಎಂಬುದೇ ಒಳ್ಳೆಯದು, ವಾರ ಕಳೆಯುವಷ್ಟರಲ್ಲಿ ಅರ್ಜಿಗಳ ರಾಶಿ ಬಿದ್ದಿರುತ್ತದೆ. ಇಷ್ಟೆಲ್ಲ ಬಚ್ಚಿಟ್ಟು, ಖಾತೆಗೆ ಕಚೇರಿಯ ಇಮೇಲ್ ಕೊಟ್ಟರೆ ಎಲ್ಲ ನೀರುಪಾಲು. ಮೊಬೈಲನ್ನು ಕಚೇರಿಯ ಕಂಪ್ಯೂಟರಿಗೆ ಜೋಡಿಸಿದ್ದರೆ ಅದರ ಸೂಚನೆಗಳು ಕಂಪ್ಯೂಟರ್ ಪರದೆಯ ಮೂಲೆಯಲ್ಲಿ ತಾವಾಗಿ ಇಣುಕುವುದೂ ಉಂಟು.

ಹಾಗಾಗಿ ನಾನು ಎರಡನ್ನೂ ಉಳಿಸಿಕೊಂಡಿದ್ದೇನೆ. ಬೇರೆಯವರು ನನ್ನನ್ನು ಹುಡುಕಿಕೊಂಡು ಬರಲು Recruiters only ಇಟ್ಟ ಲಿಂಕ್ಡ್‌ಇನ್, ನಾನೇ ಹುಡುಕಿಕೊಂಡು ಹೋಗಲು ರೆಸ್ಯೂಮೆ ಮುಚ್ಚಿಟ್ಟ ಇಂಡೀಡ್. ಒಂದನ್ನೇ ಇಟ್ಟುಕೊಳ್ಳಬೇಕೆಂದರೆ, ಗುಟ್ಟು ಬಯಲಾದರೆ ಕೆಲಸಕ್ಕೇ ಸಂಚಕಾರ ಬರುವಂತಿರುವವರು ಇಂಡೀಡನ್ನು ಇಟ್ಟುಕೊಳ್ಳಲಿ. ಹೊಸ ಕೆಲಸ ಸಿಕ್ಕ ಮೇಲೆ ಎರಡು ಕಡೆಯೂ ಸೂಚನೆಗಳನ್ನು ನಿಲ್ಲಿಸಿ, Open to work ಅನ್ನು ತೆಗೆಯಬೇಕು. ಇಂಡೀಡ್‌ನಿಂದ ರೆಸ್ಯೂಮೆಯನ್ನು ಅಳಿಸಿದರೂ, ಈಗಾಗಲೇ ಅರ್ಜಿಯ ಜೊತೆ ಹೋಗಿರುವ ಪ್ರತಿಗಳು ಆಯಾ ಕಂಪನಿಗಳ ಬಳಿಯೇ ಉಳಿಯುತ್ತವೆ.