ಬೂದು ಪ್ಯಾಡೋ, ಮೈಕಾ ಹಾಳೆಯೋ? LM317 ಒಳಗಿನ ಬಿಸಿಯ ಲೆಕ್ಕ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಮೈಕಾ ಹಾಳೆ ಮತ್ತು ಬಿಳಿ ಥರ್ಮಲ್ ಪೇಸ್ಟ್‌ಗೆ.

ವೋಲ್ಟೇಜ್ ರೆಗ್ಯುಲೇಟರ್ LM317ರ ಲೋಹದ ಟ್ಯಾಬ್ ಒಳಗೇ ಔಟ್‌ಪುಟ್ ಪಿನ್‌ಗೆ ಸೇರಿರುತ್ತದೆ. ನನ್ನ ಹೀಟ್‌ಸಿಂಕ್ ಪವರ್ ಸಪ್ಲೈ ಡಬ್ಬಿಗೆ, ಅಂದರೆ ಗ್ರೌಂಡ್‌ಗೆ, ತಗಲುತ್ತದೆ. ಹಾಗಾಗಿ ನಡುವೆ ಇನ್ಸುಲೇಟರ್ ಬೇಕೇ ಬೇಕು. ಎಸ್‌ಪಿ ರೋಡಿನಲ್ಲಿ ಬೂದು ಬಣ್ಣದ ಸಿಲಿಕೋನ್ ಪ್ಯಾಡ್, ಮೈಕಾ ಎರಡನ್ನೂ ತಂದೆ.

12 ವೋಲ್ಟ್ ಒಳಗೆ, 5 ವೋಲ್ಟ್ ಹೊರಗೆ, 1 ಆಂಪಿಯರ್. ಅಂದರೆ 7 ವ್ಯಾಟ್ ಸುಮ್ನೆ ಬಿಸಿಯಾಗಿ ಹೋಗುತ್ತದೆ. ಚಿಪ್ ಒಳಗಿನ ಜಂಕ್ಷನ್ ಬಿಸಿ ತಿಳಿಯಲು ದಾರಿಯಲ್ಲಿರುವ ತಡೆಗಳನ್ನೆಲ್ಲ ಕೂಡಿಸಬೇಕು:

```
Tj = Ta + P × (θJC + θCS + θSA)
```

θJC, ಅಂದರೆ ಜಂಕ್ಷನ್‌ನಿಂದ ಟ್ಯಾಬ್‌ಗೆ, ವ್ಯಾಟಿಗೆ 5 ಡಿಗ್ರಿ, ಇದು ಡೇಟಾಶೀಟ್ ಕೊಟ್ಟಿದ್ದು. θSA, ಅಂದರೆ ಸಿಂಕ್‌ನಿಂದ ಗಾಳಿಗೆ, ಅದೂ 5. Ta, ಅಂದರೆ ಡಬ್ಬಿಯೊಳಗಿನ ಗಾಳಿ, 35 ಡಿಗ್ರಿ. ಕೋಣೆಯ ಗಾಳಿಯಲ್ಲ, ಡಬ್ಬಿಯೊಳಗಿನದೇ ಲೆಕ್ಕಕ್ಕೆ ಬರುವುದು. ಉಳಿದಿದ್ದು ಟ್ಯಾಬ್‌ಗೂ ಸಿಂಕ್‌ಗೂ ನಡುವಿನ θCS ಒಂದೇ.

ಬಿಸಿ ಏರುವುದು ನಿಂತ ಮೇಲೆ ಥರ್ಮೋಕಪಲ್ ಇಟ್ಟು ನೋಡಿದೆ. ಪ್ಯಾಡ್ ಹಾಕಿದಾಗ ಸಿಂಕ್ 70, ಟ್ಯಾಬ್ 105. ನಡುವೆ 35 ಡಿಗ್ರಿ! 7 ವ್ಯಾಟ್‌ನಿಂದ ಭಾಗಿಸಿದರೆ θCS 5 ಆಯಿತು. ಟ್ಯಾಬ್‌ನ 105ಕ್ಕೆ ಒಳಗಿನ 35 ಸೇರಿಸಿದರೆ ಜಂಕ್ಷನ್ 140. ಮಿತಿ ಇರುವುದು 125. ಸಿಂಕ್ ಮುಟ್ಟಿ ನೋಡಿದರೆ ಇದು ಗೊತ್ತೇ ಆಗುವುದಿಲ್ಲ. ಮೈಕಾ, ಪೇಸ್ಟ್ ಹಾಕಿದಾಗ ಸಿಂಕ್ ಅದೇ 70, ಟ್ಯಾಬ್ ಮಾತ್ರ 81. θCS ಸುಮಾರು 1.6, ಜಂಕ್ಷನ್ 116.

ದೊಡ್ಡ ಸಿಂಕ್ ಹಾಕಬಹುದಲ್ವಾ ಅನ್ನಬಹುದು. ವ್ಯಾಟಿಗೆ 3 ಡಿಗ್ರಿಯ ಸಿಂಕ್ ತಂದು ಪ್ಯಾಡನ್ನೇ ಉಳಿಸಿಕೊಂಡರೆ ಲೆಕ್ಕ 126ಕ್ಕೆ ನಿಲ್ಲುತ್ತದೆ. ಜಾಸ್ತಿ ದುಡ್ಡು, ಜಾಸ್ತಿ ಜಾಗ, ಆದರೂ ಮಿತಿ ದಾಟಿಯೇ ಇರುತ್ತದೆ.

ಪ್ಯಾಡ್‌ನ ದೊಡ್ಡ ತಲೆನೋವು ಒತ್ತಡ. ಚೆನ್ನಾಗಿ ಅದುಮಿದಷ್ಟೂ ಅದರ ತಡೆ ಇಳಿಯುತ್ತದೆ. ಆದರೆ ಸ್ಕ್ರೂ ಇರುವುದು ಟ್ಯಾಬ್‌ನ ತುದಿಯಲ್ಲಿ, ಚಿಪ್ ಇರುವುದು ಕಪ್ಪು ಪ್ಲಾಸ್ಟಿಕ್ ಭಾಗದಲ್ಲಿ. ಸ್ಕ್ರೂ ತೀರಾ ಬಿಗಿ ಮಾಡಿದರೆ ಟ್ಯಾಬ್ ಬಾಗಿ, ಬಿಸಿ ಹುಟ್ಟುವ ಕಡೆಯೇ ಮೇಲೆದ್ದುಬಿಡುತ್ತದೆ. ಪ್ಲಾಸ್ಟಿಕ್ ಮೇಲೆಯೇ ಒತ್ತುವ ಸ್ಪ್ರಿಂಗ್ ಕ್ಲಿಪ್ ಇದ್ದರೆ ಪ್ಯಾಡ್‌ಗೂ ನ್ಯಾಯ ಸಿಗುತ್ತದೆ.

ಮೈಕಾದ ಕಿರಿಕಿರಿ ಎಂದರೆ ಕೈಗೆಲ್ಲ ಮೆತ್ತುವ ಪೇಸ್ಟ್. ತೆಳುವಾಗಿ ಎರಡೂ ಬದಿಗೆ ಸವರಬೇಕು. ಒಣ ಮೈಕಾ ಬೇಡವೇ ಬೇಡ, ಅದರ ಸಂದುಗಳಲ್ಲಿ ಗಾಳಿ ಕೂರುತ್ತದೆ.

2 ವ್ಯಾಟ್‌ನ ಕೆಲಸವಾಗಿದ್ದರೆ ನಾನೂ ಪ್ಯಾಡನ್ನೇ ಹಾಕುತ್ತಿದ್ದೆ, ಪದೇ ಪದೇ ಬಿಚ್ಚುವವರಿಗೂ ಅದೇ ಸಲೀಸು. ನಾನು ಒಮ್ಮೆ ಮುಚ್ಚಿದ ಡಬ್ಬಿ ತೆರೆಯುವುದು ಅಪರೂಪ, ಕೆಲವೇ ರೂಪಾಯಿಯ ಮೈಕಾ ಸಾಕು. ಕರೆಂಟ್ ಕೊಡುವ ಮೊದಲು ಟ್ಯಾಬ್‌ಗೂ ಸಿಂಕ್‌ಗೂ ಮಲ್ಟಿಮೀಟರ್ ಹಿಡಿಯಿರಿ. ಬೀಪ್ ಬಂದರೆ ಸ್ಕ್ರೂ ತೂತಿನ ಅಂಚಿನ ಚೂಪು ಮೈಕಾ ಸೀಳಿರಬಹುದು. ಅರದಿಂದ ಅಂಚು ತಿಕ್ಕಿ, ಹೊಸ ಹಾಳೆ ಹಾಕಿ.